ಭಾಗವತರು ಎಡಕ್ಕೆ ವಾಲಿದ್ದರು

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಮನೆ. ನಡುಮನೆಯಲ್ಲಿ ಪ್ಲಗ್ ಪಾಯಿಂಟ್ ಇರುವುದು ಒಂದೇ ಮೂಲೆಯಲ್ಲಿ. ಹಾಗಾಗಿ ಆಂಪ್ಲಿಫೈಯರ್ ಅಲ್ಲೇ ಕೂತಿದೆ. ಎಡಗಡೆ ಸ್ಪೀಕರ್‌ಗೆ 3 ಮೀಟರ್ ವೈರ್ ಸಾಕು. ಬಲಗಡೆಯದಕ್ಕೆ ವೈರ್ ಗೋಡೆ ಹತ್ತಿ, ತೊಲೆ ಮೇಲೆ ಸಾಗಿ, ದೇವರ ಕೋಣೆ ಬಾಗಿಲು ದಾಟಿ ಇಳಿಯಬೇಕು. ಅಳೆದರೆ 14 ಮೀಟರ್.

ನನ್ನ ಹತ್ತಿರ ಯಕ್ಷಗಾನದ ಹಳೇ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ರೆಕಾರ್ಡಿಂಗ್‌ಗಳು ಇವೆ. ಎಲ್ಲವೂ ಮೋನೊ. ಅಂದರೆ ಎರಡೂ ಸ್ಪೀಕರ್‌ಗೆ ಹೋಗುವುದು ಒಂದೇ ಶಬ್ದ. ನಡುವೆ ಕೂತು ಕೇಳಿದರೆ ಭಾಗವತರು ಸರಿಯಾಗಿ ಮಧ್ಯದಲ್ಲಿ ನಿಂತು ಹಾಡಿದ ಹಾಗೆ ಇರಬೇಕು. ನಮ್ಮಲ್ಲಿ ಅವರು ಯಾವಾಗಲೂ ಒಂದು ಮೊಳ ಎಡಕ್ಕೆ ಇರುತ್ತಿದ್ದರು. ಬ್ಯಾಲೆನ್ಸ್ ನಾಬ್ ಸ್ವಲ್ಪ ಬಲಕ್ಕೆ ತಿರುಗಿಸಿದರೆ ಮಧ್ಯಕ್ಕೆ ಬರುತ್ತಿದ್ದರು. ಆದರೆ ಮದ್ದಲೆ ಆಗಲೂ ಎಡಕ್ಕೇ ಉಳಿಯುತ್ತಿತ್ತು. ಇದು ಬರೀ ವಾಲ್ಯೂಮ್ ವ್ಯತ್ಯಾಸ ಅಲ್ಲ ಅಂತ ಅನುಮಾನ ಬಂದದ್ದೇ ಆಗ.

ಮೊದಲು ಆಂಪ್ಲಿಫೈಯರ್ ಹಿಂದೆ ಎಡ, ಬಲ ವೈರ್‌ಗಳನ್ನು ಅದಲುಬದಲು ಮಾಡಿದೆ. ಭಾಗವತರು ಕದಲಲಿಲ್ಲ. ಆಂಪ್ಲಿಫೈಯರ್ ತಪ್ಪಿದ್ದರೆ ಅವರು ಬಲಕ್ಕೆ ಹೋಗಬೇಕಿತ್ತು. ಆಮೇಲೆ ಸ್ಪೀಕರ್‌ಗಳನ್ನೇ ಹೊತ್ತು ಆ ಕಡೆ ಈ ಕಡೆ ಇಟ್ಟೆ. ಆಗಲೂ ಎಡಕ್ಕೇ. ಉಳಿದದ್ದು ವೈರ್ ಅಥವಾ ಕೋಣೆ.

ವೈರ್ ನಾನೇ ತಂದದ್ದು. ಅಂಗಡಿಯಲ್ಲಿ ‘14/76’ ಅಂತ ಕೇಳಿದರೆ ಕೊಡುತ್ತಾರಲ್ಲ, ಆ ಸಣ್ಣ ಸ್ಪೀಕರ್ ವೈರ್. ಈ ಲೆಕ್ಕ ಸುಲಭ. ಮೊದಲ ಸಂಖ್ಯೆ ಎಳೆಗಳು ಎಷ್ಟು ಅಂತ, ಎರಡನೆಯದು ಒಂದೊಂದು ಎಳೆಯ ದಪ್ಪ. 76 ಅಂದರೆ 0.0076 ಇಂಚು, ಸುಮಾರು 0.19 ಮಿಲಿಮೀಟರ್. 14 ಎಳೆ ಸೇರಿದರೆ 0.4 ಚದರ ಮಿಲಿಮೀಟರ್ ತಾಮ್ರ. 23/76ರಲ್ಲಿ ಸುಮಾರು 0.67, 40/76ರಲ್ಲಿ ಸುಮಾರು 1.2. ಹೊರಗಿನ ಪ್ಲಾಸ್ಟಿಕ್ ದಪ್ಪ ನೋಡಿ ಮೋಸ ಹೋಗಬಾರದು, ಒಳಗಿನ ಎಳೆ ಎಣಿಸಬೇಕು.

ಬಲಗಡೆ ವೈರನ್ನು ಎರಡೂ ತುದಿಯಲ್ಲಿ ಬಿಚ್ಚಿದೆ. ಸ್ಪೀಕರ್ ಕಡೆಯ ತುದಿಯಲ್ಲಿ ಜೋಡಿಯ ಎರಡೂ ತಂತಿಗಳನ್ನು ಒಟ್ಟಿಗೆ ತಿರುಚಿ, ಈ ಕಡೆಯಿಂದ ಮಲ್ಟಿಮೀಟರ್ ಇಟ್ಟೆ. ಕರೆಂಟಿಗೆ ವೈರ್ ಒಡ್ಡುವ ತಡೆ 1.4 ಓಮ್ ತೋರಿಸಿತು. ಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗಲೇ 0.2 ತೋರಿಸುತ್ತಿತ್ತು. ಅದನ್ನು ಕಳೆದರೆ 1.2. ಕರೆಂಟ್ ಹೋಗಿ ವಾಪಸ್ ಬರಬೇಕಲ್ವಾ, 14 ಮೀಟರ್ ವೈರ್ ಅಂದರೆ ದಾರಿ 28 ಮೀಟರ್. ಎಡಗಡೆ ಅದೇ ವೈರ್ ಕಾಲು ಓಮ್ ಇತ್ತು.

ಒಂದು ಓಮ್ ಏನು ಮಹಾ ಅನ್ನಿಸಬಹುದು. ನನ್ನ ಸ್ಪೀಕರ್ ಹಿಂದೆ 6 ಓಮ್ ಅಂತ ಬರೆದಿದೆ. ಆದರೆ ಅದು ಎಲ್ಲಾ ಸ್ವರಕ್ಕೂ 6 ಅಲ್ಲ. ಕೆಲವು ಸ್ವರಕ್ಕೆ 4ಕ್ಕೆ ಇಳಿಯುತ್ತದೆ, ಕೆಲವಕ್ಕೆ 20 ದಾಟುತ್ತದೆ. 4 ಓಮ್ ಇರುವ ಕಡೆ ಆ 1.2 ಓಮ್ ವೈರ್ ಎರಡು ಡೆಸಿಬಲ್‌ಗಿಂತ ಸ್ವಲ್ಪ ಜಾಸ್ತಿ ನುಂಗುತ್ತದೆ. 20 ಓಮ್ ಇರುವ ಕಡೆ ನುಂಗುವುದು ಅರ್ಧ ಡೆಸಿಬಲ್. ಅಂದರೆ ಉದ್ದದ ಸಣ್ಣ ವೈರ್ ಶಬ್ದವನ್ನು ಒಂದೇ ಸಮ ಕಡಿಮೆ ಮಾಡುವುದಿಲ್ಲ, ಅದರ ಆಕಾರವನ್ನೇ ಬದಲಿಸುತ್ತದೆ. ಬ್ಯಾಲೆನ್ಸ್ ನಾಬ್‌ಗೆ ಮದ್ದಲೆ ಬಗ್ಗದೆ ಇದ್ದದ್ದು ಇದಕ್ಕೇ.

ಎರಡೂ ಕಡೆ ವೈರ್ ಒಂದೇ ಉದ್ದ ಇಲ್ಲದಿದ್ದರೆ ಒಂದು ಶಬ್ದ ತಡವಾಗಿ ಬರುತ್ತದೆ ಅಂತ ಹೇಳುವವರಿದ್ದಾರೆ. 11 ಮೀಟರ್ ವ್ಯತ್ಯಾಸಕ್ಕೆ ಆಗುವ ತಡ ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ ಒಂದು ಕೂದಲೆಳೆಯಷ್ಟೂ ಸಾಗುವುದಿಲ್ಲ. ಎಡಗಡೆಗೂ 14 ಮೀಟರ್ ತಂದು ಸುತ್ತಿಡುವುದು ಸುಮ್ನೆ ದುಡ್ಡು ದಂಡ. ವೈರ್ ದಪ್ಪ ಇದ್ದರೆ ಸಾಕು.

ಎಷ್ಟು ದಪ್ಪ? ಹೋಗಿ ಬರುವ ದಾರಿಯ ಒಟ್ಟು ಓಮ್, ಸ್ಪೀಕರ್ ಓಮಿನ ನೂರರಲ್ಲಿ ಐದು ಭಾಗ ದಾಟಬಾರದು ಅನ್ನುವುದು ರೂಢಿಯ ಲೆಕ್ಕ. 6 ಓಮ್‌ಗೆ 0.3. ಶಿವಮೊಗ್ಗಕ್ಕೆ ಹೋದಾಗ ಸ್ಪೀಕರ್ ವೈರ್ ಬಿಟ್ಟು, ಮನೆ ವೈರಿಂಗ್‌ಗೆ ಹಾಕುವ 2.5 ಚದರ ಮಿಲಿಮೀಟರ್ ತಾಮ್ರದ ವೈರನ್ನೇ ಕೆಂಪು, ಕಪ್ಪು ಎರಡು ಬಣ್ಣದಲ್ಲಿ ತಂದೆ. 28 ಮೀಟರ್‌ಗೆ 0.2 ಓಮ್. ಎರಡನ್ನೂ ಸಡಿಲವಾಗಿ ಹೊಸೆದು ತೊಲೆ ಮೇಲೆ ಎಳೆದೆ. ಇದಕ್ಕೆ ಮೊದಲು ಆನ್‌ಲೈನಲ್ಲಿ ಒಂದು ದಪ್ಪ ವೈರ್ ತರಿಸಿ ಬೇಸ್ತು ಬಿದ್ದಿದ್ದೆ. ಕೈಗೆ ಹಗುರ ಅನ್ನಿಸಿ ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ. ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ. ಅದರ ಓಮ್ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು.

ಇನ್ನು ವೈರಿನ ತುದಿಗೆ ಹಾಕಿ ಸಿಕ್ಕಿಸುವ ಬನಾನಾ ಪ್ಲಗ್. ಇದರಿಂದ ಶಬ್ದ ಏನೂ ಚೆನ್ನಾಗುವುದಿಲ್ಲ. ಆದರೆ ಗುಡುಗು ಶುರುವಾದ ಕೂಡಲೇ ಎಲ್ಲವನ್ನೂ ಕಿತ್ತಿಡುವ ಊರಿನಲ್ಲಿ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಬರಿ ಎಳೆ ತುರುಕುವಾಗ ಒಂದು ಎಳೆ ಹೊರಗೆ ಚಾಚಿ ಪಕ್ಕದ ಪಾಯಿಂಟ್ ಮುಟ್ಟಿದರೆ ಆಂಪ್ಲಿಫೈಯರ್ ಕಥೆ ಮುಗಿದ ಹಾಗೇ. ನಾನು ಹಾಕಿದ್ದು ಸ್ಕ್ರೂ ಇರುವ 4 ಮಿಲಿಮೀಟರ್ ಪ್ಲಗ್. ವೈರ್ ತುದಿಯನ್ನು 10 ಮಿಲಿಮೀಟರ್ ಸುಲಿದು, ಎಳೆಗಳನ್ನು ಬಿಗಿಯಾಗಿ ತಿರುಚಿ, ಒಳಗೆ ತಳ್ಳಿ, ಸ್ಕ್ರೂ ಬಿಗಿದು ಒಮ್ಮೆ ಎಳೆದು ನೋಡಬೇಕು. ತುದಿಗೆ ಸೋಲ್ಡರ್ ಹಾಕಬಾರದು. ಸೋಲ್ಡರ್ ಮೆತ್ತಗಿನ ಲೋಹ, ಸ್ಕ್ರೂ ಅಡಿಯಲ್ಲಿ ನಿಧಾನವಾಗಿ ಚಪ್ಪಟೆಯಾಗಿ ಹಿಡಿತ ಬಿಡುತ್ತದೆ. ಇನ್ನೊಂದು, ಆಂಪ್ಲಿಫೈಯರ್ ಆಫ್ ಮಾಡಿ ಮೊದಲು ಸ್ಪೀಕರ್ ಕಡೆ ಸಿಕ್ಕಿಸಿ, ಕೊನೆಗೆ ಈ ಕಡೆ. ಉಲ್ಟಾ ಮಾಡಿದರೆ ಆ ತುದಿಯಲ್ಲಿ ನೇತಾಡುವ ಎರಡು ಪ್ಲಗ್ ಒಂದಕ್ಕೊಂದು ತಾಗುತ್ತವೆ.

ಎಲ್ಲಾ ಮುಗಿಸಿ ಹಾಕಿದೆ. ಭಾಗವತರು ಎಡಕ್ಕಿಲ್ಲ. ಮಧ್ಯದಲ್ಲೂ ಇಲ್ಲ! ತಲೆ ಸುತ್ತ ಎಲ್ಲೋ ತೇಲಿದ ಹಾಗೆ. ಅಕ್ಕನ ಮಗ ಕೇಳುತ್ತಾ ಕೂತಿದ್ದವನು, “ಮಾವ, ಮದ್ದಲೆ ಎಲ್ಲಿ ಹೋಯ್ತು?” ಅಂದ. ಚೆಂಡೆ ಇದೆ, ಮದ್ದಲೆಯ ಧಿಂ ಅನ್ನುವುದು ಮಾಯ.

ಪ್ಲಸ್ ಮೈನಸ್ ತಿರುಗಿದರೆ ಹೀಗೇ ಆಗುವುದು. ಒಂದು ಸ್ಪೀಕರ್ ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ತಗ್ಗು ಸ್ವರಗಳು ಒಂದನ್ನೊಂದು ತಿಂದು ಹಾಕುತ್ತವೆ. ಎರಡೂ ಸ್ಪೀಕರ್ ತಿರುಗಿದ್ದರೆ ಇಷ್ಟು ತೊಂದರೆ ಆಗುತ್ತಿರಲಿಲ್ಲ, ಎರಡೂ ಒಟ್ಟಿಗೆ ಚಲಿಸುತ್ತವಲ್ಲ. ಒಂದು ಮಾತ್ರ ತಿರುಗಿದಾಗಲೇ ಕಷ್ಟ.

ವೈರ್‌ಗೆ ಬಣ್ಣ ಇದ್ದೂ ತಪ್ಪಿದ್ದೆಲ್ಲಿ? ವೈರನ್ನು ಆಂಪ್ಲಿಫೈಯರ್‌ನಿಂದ ಕಿತ್ತು, ಸ್ಪೀಕರಿನ ಮುಂದಿನ ಬಟ್ಟೆ ಜಾಲರಿ ತೆಗೆದೆ. 1.5 ವೋಲ್ಟಿನ ಪೆನ್‌ಟಾರ್ಚ್ ಸೆಲ್ ತಗೊಂಡು, ಪ್ಲಸ್ ಕೆಂಪು ಪ್ಲಗ್‌ಗೆ, ಮೈನಸ್ ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿದೆ. ಹುಡುಗ ಸ್ಪೀಕರ್ ಮುಂದೆ ಕೂತು ದೊಡ್ಡ ಕೋನ್ ನೋಡುತ್ತಿದ್ದ. ಎಡಗಡೆಯದು ಹೊರಗೆ ಬಂತು. ಬಲಗಡೆಯದು ಒಳಗೆ ಹೋಯಿತು. (ಸಣ್ಣ ಟ್ವೀಟರ್‌ಗೆ ಈ ಪರೀಕ್ಷೆ ನಡೆಯಲ್ಲ.) ಬಿಚ್ಚಿ ನೋಡಿದರೆ ಸ್ಪೀಕರ್ ತುದಿಯಲ್ಲಿ ಕೆಂಪು ಕ್ಯಾಪ್ ಕಪ್ಪು ವೈರ್‌ಗೆ ಕೂತಿತ್ತು. ಕರೆಂಟ್ ಹೋದಾಗ ಮೊಬೈಲ್ ಬೆಳಕಿನಲ್ಲಿ ಹಾಕಿದ ಕೆಲಸ ಅದು. ಒಂದೇ ಬಣ್ಣದ ಜೋಡಿ ವೈರ್ ಆದರೆ ಅದರ ಒಂದು ತಂತಿಯ ಮೇಲೆ ಸಣ್ಣ ಗೆರೆಯೋ ಬರಹವೋ ಉಬ್ಬೋ ಇರುತ್ತದೆ. ಅದನ್ನು ಎರಡೂ ತುದಿಯಲ್ಲಿ ಪ್ಲಸ್‌ಗೇ ಹಾಕಬೇಕು.

ಈಗ ಭಾಗವತರು ಮಧ್ಯದಲ್ಲಿದ್ದಾರೆ, ಮದ್ದಲೆ ಅವರ ಜೊತೆಗಿದೆ. ಮಳೆಗಾಲ ಕಳೆದ ಮೇಲೆ ಪ್ಲಗ್ ಬಿಚ್ಚಿ ನೋಡುತ್ತೇನೆ. ತಾಮ್ರ ಕಪ್ಪಗಾಗಿದ್ದರೆ ಎರಡು ಸೆಂಟಿಮೀಟರ್ ಕತ್ತರಿಸಿ ಹೊಸದಾಗಿ ಸುಲಿಯುತ್ತೇನೆ. ಅದಕ್ಕಂತಲೇ ಎರಡೂ ತುದಿಯಲ್ಲಿ ಒಂದೊಂದು ಗೇಣು ವೈರ್ ಜಾಸ್ತಿ ಬಿಟ್ಟಿದ್ದೇನೆ.