ಬೆಂಬಲ ಬೆಲೆಗೆ ಕೊಂಡ ತೊಗರಿ ಮಾರುಕಟ್ಟೆಗೆ ಮರಳಿದಾಗ: ವಾಶಿಯ ಬೇಳೆ ವ್ಯಾಪಾರದ ನನ್ನ ಅನುಭವ

ನಾನು ಕಲಬುರಗಿ ಜಿಲ್ಲೆಯ ಆಳಂದ ಸೀಮೆಯವನು. ನವಿ ಮುಂಬೈಯ ವಾಶಿಯಲ್ಲಿ, ದಾಣಾ ಬಂದರ್ ಎಂದೇ ಇಂದಿಗೂ ಕರೆಯುವ ಧಾನ್ಯ ಮಾರುಕಟ್ಟೆಯಲ್ಲಿ, ಬೇಳೆ ವ್ಯಾಪಾರ ಮಾಡುತ್ತೇನೆ. ಹಂಗಾಮಿನಲ್ಲಿ ತೊಗರಿ ಕೊಂಡು ಲಾತೂರಿನ ದಾಲ್ ಮಿಲ್ಲಿನಲ್ಲಿ ಕೂಲಿ ಕೊಟ್ಟು ಬೇಳೆ ಮಾಡಿಸಿ, ವಾಶಿಗೆ ತಂದು ಕಿರಾಣಿ ಅಂಗಡಿಗಳಿಗೆ ಮಾರುವುದು ನನ್ನ ಕೆಲಸ. ಸರ್ಕಾರ ಬೆಂಬಲ ಬೆಲೆಗೆ ಕೊಂಡು ಗೋದಾಮಿನಲ್ಲಿ ಇಟ್ಟಿದ್ದ ತೊಗರಿಯನ್ನು 2018ರ ಬೇಸಿಗೆಯಲ್ಲಿ ಹರಾಜಿನಲ್ಲಿ ಕೊಂಡು, ಲೆಕ್ಕ ತಪ್ಪಿ ನಷ್ಟ ಮಾಡಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಂಬಲ ಬೆಲೆ ನಿಜವಾಗಿ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದು ನನಗೆ ಅರ್ಥವಾದದ್ದು ಆ ಐನೂರು ಕ್ವಿಂಟಲ್ ಕಾಳಿನಿಂದ.

ಕಥೆ ಶುರುವಾಗುವುದು ಅದಕ್ಕೂ ಮೊದಲು. 2015ರಲ್ಲಿ ತೊಗರಿ ಬೇಳೆಯ ಚಿಲ್ಲರೆ ಬೆಲೆ ಕಿಲೋಗೆ 200 ರೂಪಾಯಿಯ ಹತ್ತಿರಕ್ಕೆ ಹೋಗಿತ್ತು. ಆ ಬೆಲೆಯನ್ನು ನೋಡಿದ ರೈತರು ಮರುವರ್ಷ ಸಿಕ್ಕ ಹೊಲದಲ್ಲೆಲ್ಲ ತೊಗರಿ ಬಿತ್ತಿದರು, ಮಳೆಯೂ ಕೈಹಿಡಿಯಿತು. ದೇಶದ ತೊಗರಿ ಉತ್ಪಾದನೆ 2015-16ರಲ್ಲಿ ಸುಮಾರು 25 ಲಕ್ಷ ಟನ್ ಇದ್ದದ್ದು 2016-17ರಲ್ಲಿ 48 ಲಕ್ಷ ಟನ್ ದಾಟಿತು. ಆ ವರ್ಷದ ಬೆಂಬಲ ಬೆಲೆ, ಕೇಂದ್ರದ 425 ರೂಪಾಯಿ ಪ್ರೋತ್ಸಾಹ ಧನ ಸೇರಿ, ಕ್ವಿಂಟಲಿಗೆ 5,050 ರೂಪಾಯಿ ಇತ್ತು. ಕರ್ನಾಟಕ ತನ್ನ ಪಾಲಿನ 450 ಸೇರಿಸಿ 5,500 ಕೊಟ್ಟಿತು. ಮಾರುಕಟ್ಟೆಯಲ್ಲಿ ಮಾತ್ರ ನಾಲ್ಕು ಸಾವಿರದ ಆಚೀಚೆ ಕೇಳುವವರೂ ಕಡಿಮೆಯಾಗಿದ್ದರು.

ಬೆಂಬಲ ಬೆಲೆ ಘೋಷಣೆಯಾದ ಮಾತ್ರಕ್ಕೆ ನನ್ನಂಥ ವ್ಯಾಪಾರಿ ಆ ದರಕ್ಕೆ ಕೊಳ್ಳಬೇಕೆಂದಿಲ್ಲ ಎಂಬುದನ್ನು ನಮ್ಮ ಊರಿನ ಅನೇಕರು ಇಂದಿಗೂ ನಂಬುವುದಿಲ್ಲ. ಆ ಬೆಲೆಗೆ ಸರ್ಕಾರ ಚೀಲ ಹಿಡಿದು ನಿಂತು ಕೊಳ್ಳುತ್ತಿರುವಷ್ಟು ಹೊತ್ತು ಮಾತ್ರ, ಅದು ಕೊಳ್ಳುವ ಜಾಗದಲ್ಲಿ ಮಾತ್ರ, ಬೆಲೆಗೆ ತಳ ಇರುತ್ತದೆ. ಆಳಂದದ ನನ್ನ ಸೋದರಮಾವನಿಗೆ ಆ ವರ್ಷ 30 ಕ್ವಿಂಟಲ್ ಆಗಿತ್ತು. ಖರೀದಿ ಕೇಂದ್ರದಲ್ಲಿ ತೂಕವಾದದ್ದು 18 ಕ್ವಿಂಟಲ್. ಉಳಿದ 12 ಕ್ವಿಂಟಲನ್ನು ಅಡತಿಯವನಿಗೆ 3,900ಕ್ಕೆ ಹಾಕಿದರು. ಫೋನಿನಲ್ಲಿ ಅವರು ಅಂದದ್ದು ನೆನಪಿದೆ: "ಗೋಣಿಚೀಲ ಬರಲಿಲ್ಲಂತ ನಾಕು ದಿನ ಟ್ರ್ಯಾಕ್ಟರ್ ಕೆಳಗ ಮಲಗೀನಿ ತಮ್ಮಾ. ಐದನೇ ದಿನ ತೂಕ ನಿಂತದ ಅಂದ್ರು. ಸಾಲ ಕೊಟ್ಟಾಂವ ಮನಿ ಮುಂದ ಕುಂತಾನ, ನಾ ಏನ್ ಮಾಡ್ಲಿ?" ಅದೇ ಹೊಲದ, ಅದೇ ಕಣದ ಕಾಳು, ಒಂದು ಭಾಗಕ್ಕೆ 5,500, ಇನ್ನೊಂದಕ್ಕೆ 3,900.

ಕೇಂದ್ರಗಳಲ್ಲಿ ತೂಕವಾದ ಆ ತೊಗರಿಯನ್ನು ಸರ್ಕಾರ ತಿನ್ನಲಾರದು, ಸುಡಲಾರದು. ಬೇಳೆಕಾಳಿಗಾಗಿ 20 ಲಕ್ಷ ಟನ್‌ಗಳ ಕಾಪು ದಾಸ್ತಾನು ಮಾಡಬೇಕೆಂದು 2016ರಲ್ಲೇ ತೀರ್ಮಾನವಾಗಿದ್ದರಿಂದ ಕೊಂಡದ್ದನ್ನು ಇಡಲು ಒಂದು ಕಾರಣವಂತೂ ಇತ್ತು. ಆದರೆ ಅಕ್ಕಿ, ಗೋಧಿಗೆ ಇರುವಂಥ ಪಡಿತರದ ನಿತ್ಯದ ಹರಿವು ತೊಗರಿಗೆ ಇರಲಿಲ್ಲ. ಅಕ್ಕಿ ಗೋದಾಮಿಗೆ ಒಂದು ಬಾಗಿಲಲ್ಲಿ ಬಂದರೆ ಇನ್ನೊಂದರಲ್ಲಿ ತಿಂಗಳು ತಿಂಗಳೂ ಹೋಗುತ್ತದೆ. ತೊಗರಿ ಬಂದು ಕುಳಿತಿತು. ಹೊರದೇಶಕ್ಕೆ ಕಳಿಸೋಣವೆಂದರೆ ಬೇಳೆಕಾಳು ರಫ್ತಿಗೆ 2006ರಿಂದ ಇದ್ದ ನಿಷೇಧ ತೊಗರಿಗೆ ತೆರವಾದದ್ದೇ 2017ರ ಸೆಪ್ಟೆಂಬರಿನಲ್ಲಿ. ಆಮದಿಗೆ ವರ್ಷಕ್ಕೆ 2 ಲಕ್ಷ ಟನ್‌ಗಳ ಮಿತಿ ಬಂದದ್ದು ಅದೇ ಆಗಸ್ಟಿನಲ್ಲಿ, ಅಂದರೆ ರೈತನ ಕಾಳು ಮಾರಿ ಮುಗಿದ ಮೇಲೆ. ಹೀಗೆ ಒಂದು ವರ್ಷದ ಹೆಚ್ಚುವರಿ ಮುಂದಿನ ವರ್ಷದ ಬೆಳೆಯ ಜೊತೆಗೇ ಮಾರುಕಟ್ಟೆಗೆ ಬಂತು. ಹರಾಜಿನ ಪಟ್ಟಿಗಳು ಬರತೊಡಗಿದಾಗ ನಾನೂ ಹೆಸರು ನೋಂದಾಯಿಸಿ ಠೇವಣಿ ಕಟ್ಟಿದೆ.

ಹರಾಜಿನ ಮುಖ್ಯ ಷರತ್ತು, ಸರಕು ಎಲ್ಲಿದೆಯೋ ಹೇಗಿದೆಯೋ ಹಾಗೆಯೇ ಎತ್ತಿಕೊಂಡು ಹೋಗಬೇಕು ಎಂಬುದು. ಗೆದ್ದ ಮೇಲೆ ಕಾಳು ಸರಿಯಿಲ್ಲವೆಂದು ತಕರಾರು ತೆಗೆಯುವಂತಿಲ್ಲ. ಆದ್ದರಿಂದ ಕೂಗುವ ಮೊದಲೇ ನಾನು ಗೋದಾಮಿಗೆ ಹೋಗಿ ನೋಡಿದೆ. ಮರಾಠವಾಡದ ಒಂದು ಬಾಡಿಗೆ ಗೋದಾಮು ಅದು. ಮೇಲ್ಚಾವಣಿಯವರೆಗೆ ಅಟ್ಟಿ, ಎರಡು ಅಟ್ಟಿಗಳ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟು ಜಾಗ. ಕೈಗೆ ಎಟುಕಿದ ಹೊರಗಿನ ಚೀಲಗಳಿಗೆ ಚುಚ್ಚುಗೊಳವೆ ಹಾಕಿ ಕಾಳು ತೆಗೆದೆ. ತೇವ ಶೇಕಡ 12ಕ್ಕಿಂತ ಕಡಿಮೆ, ಬಣ್ಣ ಸ್ವಲ್ಪ ಮಂಕು, ನೂರು ಕಾಳಿನಲ್ಲಿ ತೂತು ಬಿದ್ದವು ಮೂರು. ವರ್ಷ ಕಳೆದ ತೊಗರಿಗೆ ಇದು ಕೆಟ್ಟದ್ದೇನಲ್ಲ ಎಂದುಕೊಂಡು ಅಲ್ಲಿಯೇ ಕುಳಿತು ಲೆಕ್ಕ ಹಾಕಿದೆ.

ಬೇಳೆ ವ್ಯಾಪಾರಿಯ ಲೆಕ್ಕ ಯಾವಾಗಲೂ ಬೇಳೆಯಿಂದ ಹಿಂದಕ್ಕೆ ನಡೆಯುತ್ತದೆ. ಆ ವಾರ ಹಳೆಯ ಕಾಳಿನ ಬೇಳೆಗೆ ವಾಶಿಯಲ್ಲಿ ನನಗೆ ಕಿಲೋಗೆ 55 ರೂಪಾಯಿ ಸಿಗುತ್ತಿತ್ತು. ಒಂದು ಕ್ವಿಂಟಲ್ ತೊಗರಿಗೆ 68 ಕಿಲೋ ಬೇಳೆ ಬಿದ್ದರೆ 3,740. ಪಶು ಆಹಾರಕ್ಕೆ ಹೋಗುವ ಚುನಿ, ನುಚ್ಚು, ಹೊಟ್ಟು ಸೇರಿ 28 ಕಿಲೋ, ಸರಾಸರಿ 14ರಂತೆ 392. ಉಳಿದ ನಾಲ್ಕು ಕಿಲೋ ಧೂಳು ಮತ್ತು ಒಣಗಿ ಹೋಗುವ ತೂಕ. ಒಟ್ಟು 4,132. ಮಿಲ್ಲಿನ ಕೂಲಿ, ಲಾರಿ, ಹಮಾಲಿ, ಹೊಸ ಚೀಲ ಎಲ್ಲ ಸೇರಿ 450 ಕಳೆದರೆ 3,682. ನನಗೆ ಕ್ವಿಂಟಲಿಗೆ ಇನ್ನೂರು ಉಳಿಯಲೆಂದು 3,480ಕ್ಕೆ ಕೂಗಿದೆ. ಸಾವಿರ ಚೀಲ, ಐನೂರು ಕ್ವಿಂಟಲ್ ನನ್ನ ಪಾಲಿಗೆ ಬಂತು.

ಎತ್ತುವ ದಿನ ಹೊರಗಿನ ಎರಡು ಸಾಲು ಚೀಲ ಇಳಿದ ಮೇಲೆ ಅಟ್ಟಿಯ ಹೊಟ್ಟೆ ಕಂಡಿತು. ಒಳಗಿನ ಚೀಲಕ್ಕೆ ಅಂಗೈ ಇಟ್ಟರೆ ಬಿಸಿ. ಚೀಲವನ್ನು ನೆಲಕ್ಕೆ ಕುಕ್ಕಿದಾಗ ಹೊಲಿಗೆಯ ಸಂದಿನಿಂದ ಹಿಟ್ಟು ಉದುರಿತು, ಹಿಟ್ಟಿನ ಹಿಂದೆಯೇ ಕಂದು ಬಣ್ಣದ ಕುಟ್ಟೆ ಹುಳುಗಳು ಹೊರಬಂದವು. ಈ ಹುಳುವಿನ ಸಮಸ್ಯೆ ಹೊಲದಲ್ಲೇ ಹುಟ್ಟಿರುತ್ತದೆ. ಬಲಿತ ಕಾಯಿಯ ಮೇಲೆ ಅದು ಮೊಟ್ಟೆ ಇಡುತ್ತದೆ, ಮರಿ ಕಾಳಿನೊಳಗೆ ಹೊಕ್ಕು ಬೆಳೆಯುತ್ತದೆ, ಗೋದಾಮಿನ ಬೆಚ್ಚಗಿನ ಕತ್ತಲೆಯಲ್ಲಿ ಸುಮಾರು ತಿಂಗಳಿಗೊಂದು ಪೀಳಿಗೆ ಏಳುತ್ತದೆ. ಅಟ್ಟಿಯನ್ನು ಗಾಳಿಯಾಡದಂತೆ ಹೊದಿಕೆ ಮುಚ್ಚಿ, ಅಂಚಿಗೆ ಮರಳಿನ ಚೀಲ ಹೇರಿ, ವಿಷಾನಿಲದ ಮಾತ್ರೆ ಇಟ್ಟು ವಾರದ ಮಟ್ಟಿಗೆ ಬಿಟ್ಟರೆ ಹುಳು ಸಾಯುತ್ತದೆ. ಆದರೆ ಆ ಅನಿಲದ ಕಾವಲು ಹೊದಿಕೆ ತೆಗೆದ ಕೂಡಲೇ ಮುಗಿಯುತ್ತದೆ, ಮತ್ತೆ ಮತ್ತೆ ಮಾಡಬೇಕು. ಅಟ್ಟಿಗಳು ಅಷ್ಟು ಒತ್ತಾಗಿ ಇದ್ದಲ್ಲಿ ಒಂದೊಂದನ್ನೇ ಬೇರೆಯಾಗಿ ಮುಚ್ಚುವುದಕ್ಕೆ ಜಾಗವೇ ಇರಲಿಲ್ಲ. ಹೆಚ್ಚು ಕೊಂಡು, ನಿಧಾನವಾಗಿ ಮಾರಿ, ಇದ್ದ ಗೋದಾಮಿನಲ್ಲೇ ತುರುಕಿದರೆ ಹೀಗೇ ಆಗುತ್ತದೆ. ಅಲ್ಲಿನ ಕಾವಲುಗಾರನನ್ನು ಬೈದು ಪ್ರಯೋಜನವಿರಲಿಲ್ಲ, ಆದರೂ ನಾನು ಬೈದೆ.

ಮಿಲ್ಲಿನಲ್ಲಿ ಬೇಳೆ 68ರ ಬದಲು 64 ಕಿಲೋ ಬಿತ್ತು. ಹುಳುಕು ಕಾಳು ಸಿಪ್ಪೆ ಸುಲಿಯುವಾಗ ಎರಡು ಹೋಳಾಗುವ ಬದಲು ನುಚ್ಚಾಗುತ್ತದೆ. ಬಂದ ಬೇಳೆಯಲ್ಲಿಯೂ ಸೂಜಿಮೊನೆಯ ಗುಳಿಗಳಿದ್ದುದರಿಂದ 52ಕ್ಕೆ ಮೇಲೆ ಯಾರೂ ಕೇಳಲಿಲ್ಲ. ಬೇಳೆಯಿಂದ 3,328, ಚುನಿ ಮತ್ತು ಹೊಟ್ಟು 31 ಕಿಲೋ ಆದದ್ದರಿಂದ 434, ಒಟ್ಟು 3,762. ಖರ್ಚು ಕಳೆದರೆ 3,312. ಕ್ವಿಂಟಲಿಗೆ 168 ರೂಪಾಯಿಯಂತೆ ನನಗೆ 84,000 ನಷ್ಟ. ನನ್ನ ನಷ್ಟವನ್ನು ಬದಿಗಿಟ್ಟು ಇನ್ನೊಂದು ಲೆಕ್ಕ ನೋಡಬೇಕು. ಇದೇ ತೊಗರಿಗೆ ಸರ್ಕಾರ ಕೊಟ್ಟದ್ದು 5,050, ನನ್ನಿಂದ ಪಡೆದದ್ದು 3,480. ಐನೂರು ಕ್ವಿಂಟಲಿಗೆ 7,85,000 ರೂಪಾಯಿ ಅಲ್ಲಿಯೇ ಹೋಯಿತು, ಗೋದಾಮಿನ ಬಾಡಿಗೆ, ಚೀಲ, ಸಾಗಣೆ, ಬಡ್ಡಿ ಬೇರೆ.

ಇಷ್ಟಾದರೂ ರೈತನಿಗೆ ಮುಟ್ಟಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು, ಆದರೆ ಪೆಟ್ಟು ಬಿದ್ದದ್ದು ಮುಂದಿನ ಬೆಳೆಗೆ. 2017-18ರ ಬೆಂಬಲ ಬೆಲೆ 5,450. ಹೊಸ ತೊಗರಿಗೆ ನಾನು ಎಷ್ಟು ಕೊಡಬಲ್ಲೆ ಎಂದು ಅದೇ ರೀತಿ ಹಿಂದಕ್ಕೆ ಲೆಕ್ಕ ಹಾಕಿದೆ. ಹೊಸ ಕಾಳಿಗೆ 72 ಕಿಲೋ ಬೇಳೆ, ಬೇಳೆ ಚೆಂದವಾದ್ದರಿಂದ ಕಿಲೋಗೆ 57, ಅಂದರೆ 4,104. ಚುನಿ, ಹೊಟ್ಟು 25 ಕಿಲೋಗೆ 350. ಖರ್ಚು 450 ಮತ್ತು ನನ್ನ 150 ಕಳೆದರೆ ಉಳಿಯುವುದು 3,854. ನಾನು 5,450 ಕೊಡಬೇಕಾದರೆ ವಾಶಿಯಲ್ಲಿ ಬೇಳೆ 79 ರೂಪಾಯಿಗೆ ಹೋಗಬೇಕು. ಸರ್ಕಾರದ ಗೋದಾಮಿನಿಂದ ಮೂರೂವರೆ ಸಾವಿರದ ತೊಗರಿ ಮಾರುಕಟ್ಟೆಗೆ ಬರುತ್ತಿರುವಾಗ ಬೇಳೆ ಹೇಗೆ 79ಕ್ಕೆ ಏರೀತು? ಹೋದ ವರ್ಷ ನೆಲವಾಗಿ ಹಾಕಿದ ಕಲ್ಲು ಈ ವರ್ಷ ತಲೆಯ ಮೇಲೆ ಚಪ್ಪಡಿಯಾಗಿ ಕುಳಿತಿತ್ತು. ರೈತನನ್ನು ಕಾಯಬೇಕಾದರೆ ಸರ್ಕಾರ ಮತ್ತೆ ಕೊಳ್ಳಬೇಕು, ಕೊಂಡರೆ ಮತ್ತೆ ಅಟ್ಟಿ.

ಹರಾಜಿಗಿಂತ ಮೇಲಾದ ದಾರಿ ಪಡಿತರ ಎಂಬುದು ನನ್ನ ಅಭಿಪ್ರಾಯ, ನನ್ನ ವ್ಯಾಪಾರಕ್ಕೆ ಅದರಿಂದ ಪೆಟ್ಟು ಬಿದ್ದರೂ ಸರಿಯೇ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ತಾನು ಕೊಂಡ ತೊಗರಿಯನ್ನು ಬೇಳೆ ಮಾಡಿಸಿ ಪಡಿತರ ಅಂಗಡಿಯಲ್ಲಿ ಕಿಲೋಗೆ 35 ರೂಪಾಯಿಗೆ ಕೊಟ್ಟಿತು. ಕೇಂದ್ರವೂ ಆ ಆಗಸ್ಟಿನಲ್ಲಿ ರಾಜ್ಯಗಳಿಗೆ ಕಿಲೋಗೆ 15 ರೂಪಾಯಿ ರಿಯಾಯಿತಿಯಲ್ಲಿ ಬೇಳೆಕಾಳು ಬಿಡಲು ಒಪ್ಪಿತು. ನನ್ನ ಗಿರಾಕಿಯೊಬ್ಬನ ತುರ್ಭೆಯ ಅಂಗಡಿಯಲ್ಲಿ ಆ ತಿಂಗಳುಗಳಲ್ಲಿ ಬಿಡಿ ಬೇಳೆಯ ಮಾರಾಟ ಕುಸಿಯಿತು. ಆದರೆ ಬೇಳೆ ಕೊಳ್ಳಲಾರದ ಮನೆಗೆ ಹೋದ ಕಿಲೋ, ಹರಾಜಿನಲ್ಲಿ ನನ್ನಂಥವನಿಗೆ ಬಂದ ಕಿಲೋದಷ್ಟು ಹೊಸ ಬೆಳೆಯ ಬೆಲೆಯನ್ನು ಒತ್ತುವುದಿಲ್ಲ.

ಈಗಲೂ ಹರಾಜಿನ ಪಟ್ಟಿ ಬಂದರೆ ನೋಡುತ್ತೇನೆ. ಬೆಲೆ ಬೆಂಬಲ ಬೆಲೆಗಿಂತ ಮೇಲೆ ಓಡುವ ವರ್ಷಗಳಲ್ಲಿ ಕೇಂದ್ರಗಳು ಖಾಲಿ ಹೊಡೆಯುತ್ತವೆ. 2023ರಲ್ಲಿ 7,000ದ ಬೆಂಬಲ ಬೆಲೆಯನ್ನು ಕೇಳಿದವರೇ ಇರಲಿಲ್ಲ. ಹಳೆಯ ಸರಕು ಹರಾಜಿಗೆ ಬಂದಾಗ ಮಾತ್ರ ಅಟ್ಟಿಯ ಒಂದು ಮೂಲೆಯನ್ನು ನನ್ನ ಹಮಾಲಿ ಖರ್ಚಿನಲ್ಲೇ ಮೂರು ಚೀಲದ ಆಳದವರೆಗೆ ಬಿಡಿಸಿಕೊಡಿ ಎಂದು ಕೇಳುತ್ತೇನೆ. ಒಪ್ಪಿದರೆ ಒಳಗಿನ ಚೀಲದಿಂದ ನೂರು ಕಾಳು ತೆಗೆದು, ತೂತುಗಳನ್ನಷ್ಟೇ ಅಲ್ಲ, ಸಿಪ್ಪೆಗೆ ಅಂಟಿದ ಬಿಳಿ ಮೊಟ್ಟೆಯ ಚುಕ್ಕೆಗಳನ್ನೂ ಬಿಸಿಲಿಗೆ ಹಿಡಿದು ಎಣಿಸುತ್ತೇನೆ. ಒಪ್ಪದಿದ್ದರೆ ಸಂಜೆಯ ಬಸ್ಸಿಗೆ ವಾಶಿಗೆ ವಾಪಸು.