ಆಫ್-ಕ್ಯಾಂಪಸ್ ಡ್ರೈವ್‌ಗೆ ಕವರ್ ಇಮೇಲ್: ಪ್ರಾಜೆಕ್ಟ್ ಬಗ್ಗೆ ಬರೆಯುವುದು ಹೇಗೆ?

ಕಾಲೇಜಿನಲ್ಲೇ ನಡೆಯುವ ನೇಮಕಾತಿಯಲ್ಲಿ ಪ್ಲೇಸ್‌ಮೆಂಟ್ ವಿಭಾಗವು ಅಂಕ, ಬ್ಯಾಚ್, ಬ್ಯಾಕ್‌ಲಾಗ್‌ಗಳನ್ನು ನೋಡಿ ಅರ್ಹರ ಪಟ್ಟಿಯನ್ನು ಕಂಪನಿಗೆ ಮೊದಲೇ ಕೊಟ್ಟಿರುತ್ತದೆ. ಆಫ್-ಕ್ಯಾಂಪಸ್ ಡ್ರೈವ್‌ನಲ್ಲಿ ಅಭ್ಯರ್ಥಿಯ ಪರವಾಗಿ ಹಾಗೆ ಹೇಳುವವರು ಯಾರೂ ಇರುವುದಿಲ್ಲ. ಹಾಗಾಗಿ ನೇಮಕಾತಿ ಸಿಬ್ಬಂದಿ ಇಮೇಲ್ ತೆರೆದಾಗ ಮೊದಲು ಅರ್ಹತೆ ಇದೆಯೇ ಎಂದು ನೋಡುತ್ತಾರೆ. ಇದ್ದರೆ ಮಾತ್ರ, ಇವರನ್ನೇ ಸಂದರ್ಶನಕ್ಕೆ ಕರೆಯಲು ಏನು ಕಾರಣ ಎಂದು ಹುಡುಕುತ್ತಾರೆ. ಕೆಲಸದ ಅನುಭವವಿಲ್ಲದ ಫ್ರೆಶರ್‌ಗೆ ಆ ಕಾರಣವನ್ನು ಒದಗಿಸಬಲ್ಲದ್ದು ಅಂತಿಮ ವರ್ಷದ ಪ್ರಾಜೆಕ್ಟ್.

ಮೊದಲ ಹಂತ ವಿಷಯದ ಸಾಲು. ಪ್ರಕಟಣೆಯಲ್ಲಿ ಅದರ ನಮೂನೆಯನ್ನು ಕೊಟ್ಟಿದ್ದರೆ ಅಕ್ಷರವೂ ಬದಲಾಗದಂತೆ ಅದನ್ನೇ ಬಳಸಬೇಕು, ಏಕೆಂದರೆ ಬಂದ ಇಮೇಲ್‌ಗಳನ್ನು ಆ ಪದಗಳಿಂದಲೇ ಹುಡುಕಿ ವಿಂಗಡಿಸುವುದುಂಟು. ನಮೂನೆ ಇಲ್ಲದಿದ್ದರೆ ಹುದ್ದೆ, ಬ್ಯಾಚ್, ನೋಂದಣಿ ಸಂಖ್ಯೆ ಮತ್ತು ಹೆಸರು ಇದ್ದರೆ ಸಾಕು.

```
Backend Trainee - 2025 Batch - Reg ID 4417 - Your Name
```

ಎರಡನೆಯ ಹಂತ ಅರ್ಹತೆಯ ಸಾಲು. ಪದವಿ, ವಿಭಾಗ, ತೇರ್ಗಡೆಯಾದ ವರ್ಷ, ಸಿಜಿಪಿಎ, ಬಾಕಿ ಬ್ಯಾಕ್‌ಲಾಗ್ ಇದೆಯೇ ಇಲ್ಲವೇ ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಂದೆ ಹೋಗಬೇಕು. ಪ್ರಕಟಣೆಯು ಶೇಕಡಾವಾರು ಕೇಳಿದ್ದರೆ ಸಿಜಿಪಿಎಯನ್ನು ನಿಮ್ಮ ವಿಶ್ವವಿದ್ಯಾಲಯದ ಸೂತ್ರದಂತೆ ಪರಿವರ್ತಿಸಿ ಬರೆಯಿರಿ.

ಮೂರನೆಯ ಹಂತವಾದ ಪ್ರಾಜೆಕ್ಟ್‌ನ ಪ್ಯಾರಾದಲ್ಲೇ ಹೆಚ್ಚಿನವರು ಸೋಲುತ್ತಾರೆ. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ನಾಲ್ವರ ತಂಡವೊಂದು ಕಾಲೇಜು ಗ್ರಂಥಾಲಯಕ್ಕೆ ಪುಸ್ತಕ ಹುಡುಕುವ ಮತ್ತು ಕಾಯ್ದಿರಿಸುವ ವೆಬ್‌ಸೈಟ್ ಮಾಡಿದೆ. ತಂಡದ ಒಬ್ಬ ವಿದ್ಯಾರ್ಥಿನಿ ಬ್ಯಾಕೆಂಡ್ ಹುದ್ದೆಗೆ ಅರ್ಜಿ ಹಾಕುತ್ತಿದ್ದಾಳೆ. ಅವಳ ಮೊದಲ ಕರಡು ಹೀಗಿತ್ತು: “ನಾವು ಜಾವಾ, ಸ್ಪ್ರಿಂಗ್ ಬೂಟ್, ಮೈಎಸ್‌ಕ್ಯೂಎಲ್, ರಿಯಾಕ್ಟ್ ಬಳಸಿ ಅತ್ಯಾಧುನಿಕವೂ ಬಳಕೆದಾರಸ್ನೇಹಿಯೂ ಆದ ಗ್ರಂಥಾಲಯ ನಿರ್ವಹಣಾ ವ್ಯವಸ್ಥೆಯನ್ನು ಯಶಸ್ವಿಯಾಗಿ ಅಭಿವೃದ್ಧಿಪಡಿಸಿದ್ದೇವೆ.” ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದೇ ವಾಕ್ಯವನ್ನು ಪ್ರಾಜೆಕ್ಟ್ ಮಾಡಿದ ಯಾರು ಬೇಕಾದರೂ ಬರೆಯಬಹುದು, ಮಾಡದೆ ಕೊಂಡುಕೊಂಡವರೂ ಬರೆಯಬಹುದು. ಅವಳು ಏನು ಮಾಡಿದಳು ಎಂಬುದು ಮಾತ್ರ ಇದರಲ್ಲಿಲ್ಲ.

ಆದ್ದರಿಂದ ಬರೆಯುವ ಮುನ್ನ ಪ್ರಾಜೆಕ್ಟ್‌ನಲ್ಲಿ ತಾನೇ ಎದುರಿಸಿದ ಒಂದು ತೊಡಕನ್ನು ಆರಿಸಿಕೊಳ್ಳಬೇಕು. ಈ ವಿದ್ಯಾರ್ಥಿನಿಗೆ ಅದು ಹುಡುಕಾಟದ ನಿಧಾನ. ಪುಸ್ತಕಗಳ ಪಟ್ಟಿಯಲ್ಲಿ 3 ಲಕ್ಷ ದಾಖಲೆಗಳಿದ್ದವು ಮತ್ತು 20 ಪದಗಳನ್ನು ಹುಡುಕಿ ಅಳೆದಾಗ ಶೀರ್ಷಿಕೆಯಲ್ಲಿ ಒಂದು ಪದವನ್ನು ಹುಡುಕಲು ಮಧ್ಯಮ ಲೆಕ್ಕದಲ್ಲಿ 2.4 ಸೆಕೆಂಡ್ ಹಿಡಿಯುತ್ತಿತ್ತು. ಹುಡುಕುವ ಪದದ ಆರಂಭದಲ್ಲೂ % ಚಿಹ್ನೆ ಇದ್ದುದರಿಂದ ಡೇಟಾಬೇಸ್‌ಗೆ ಸಾಮಾನ್ಯ ಇಂಡೆಕ್ಸ್ ಪ್ರಯೋಜನಕ್ಕೆ ಬರದೆ, ಅದು ಪ್ರತಿ ಬಾರಿಯೂ ಎಲ್ಲ ದಾಖಲೆಗಳನ್ನು ಓದುತ್ತಿತ್ತು. ಅವಳು ಶೀರ್ಷಿಕೆಗೆ ಫುಲ್‌ಟೆಕ್ಸ್ಟ್ ಇಂಡೆಕ್ಸ್ ಸೇರಿಸಿ ಹುಡುಕಾಟವನ್ನು ಬದಲಿಸಿದಳು.

```sql
-- ಮೊದಲು
WHERE title LIKE '%network%'
-- ನಂತರ
WHERE MATCH(title) AGAINST('network')
```

ಅದೇ ಕಂಪ್ಯೂಟರಿನಲ್ಲಿ ಅದೇ 20 ಪದಗಳನ್ನು ಮತ್ತೆ ಹುಡುಕಿದಾಗ ಮಧ್ಯಮ ಸಮಯ 0.2 ಸೆಕೆಂಡಿಗೆ ಇಳಿಯಿತು. ಜೊತೆಗೆ ಹೊಸದೊಂದು ದೋಷವೂ ಕಾಣಿಸಿತು: “C” ಎಂದು ಹುಡುಕಿದರೆ ಸಿ ಭಾಷೆಯ ಒಂದು ಪುಸ್ತಕವೂ ಸಿಗುತ್ತಿರಲಿಲ್ಲ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಕೋಷ್ಟಕಗಳಲ್ಲಿ ಫುಲ್‌ಟೆಕ್ಸ್ಟ್ ಇಂಡೆಕ್ಸ್ ಮೂಲ ಸೆಟ್ಟಿಂಗ್‌ನಂತೆ 3 ಅಕ್ಷರಗಳಿಗಿಂತ ಚಿಕ್ಕ ಪದಗಳನ್ನು ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಚಿಕ್ಕ ಪದಗಳಿಗೆ ಮಾತ್ರ ಅವಳು ಹಳೆಯ ವಿಧಾನವನ್ನೇ ಉಳಿಸಿಕೊಂಡಳು. ಈ ಕೊನೆಯ ಸಂಗತಿಯನ್ನು ಇಮೇಲಿನಲ್ಲಿ ಬಿಟ್ಟುಬಿಡಲು ಮನಸ್ಸಾಗುವುದು ಸಹಜ, ಆದರೆ ನನ್ನ ಮಟ್ಟಿಗೆ ಇಡೀ ಪ್ಯಾರಾದಲ್ಲಿ ಅತ್ಯಂತ ಬೆಲೆಯುಳ್ಳ ವಾಕ್ಯ ಅದೇ. ವೇಗ ಹೆಚ್ಚಿಸಿದೆ ಎಂದು ಯಾರು ಬೇಕಾದರೂ ಹೇಳಬಹುದು. ಹೆಚ್ಚಿಸಿದ ಮೇಲೆ ಏನು ಕೆಟ್ಟಿತು ಎಂದು ಹೇಳಬಲ್ಲವರು ಆ ಕೆಲಸವನ್ನು ಕೈಯಾರೆ ಮಾಡಿದವರು.

ಇಮೇಲನ್ನು ಪ್ರಕಟಣೆಯ ಭಾಷೆಯಲ್ಲೇ, ಅಂದರೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಕಳಿಸಬೇಕಾಗುತ್ತದೆ. ಅದರ ಒಕ್ಕಣೆ ಮಾತ್ರ ಹೀಗಿರಲಿ:

“ಮಾನ್ಯರೇ, ಬ್ಯಾಕೆಂಡ್ ಟ್ರೇನಿ ಹುದ್ದೆಯ ಆಫ್-ಕ್ಯಾಂಪಸ್ ಡ್ರೈವ್‌ಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ನಾನು 2025ರಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿದ್ದೇನೆ, ಸಿಜಿಪಿಎ 8.1, ಬಾಕಿ ಬ್ಯಾಕ್‌ಲಾಗ್ ಇಲ್ಲ.

ನಾಲ್ವರ ತಂಡದಲ್ಲಿ ಮಾಡಿದ ಗ್ರಂಥಾಲಯ ಪ್ರಾಜೆಕ್ಟ್‌ನಲ್ಲಿ ಹುಡುಕಾಟ ಮತ್ತು ಕಾಯ್ದಿರಿಸುವಿಕೆಯ ಬ್ಯಾಕೆಂಡ್ ನನ್ನ ಹೊಣೆಯಾಗಿತ್ತು. 3 ಲಕ್ಷ ದಾಖಲೆಗಳಲ್ಲಿ 2.4 ಸೆಕೆಂಡ್ ಹಿಡಿಯುತ್ತಿದ್ದ ಶೀರ್ಷಿಕೆಯ ಹುಡುಕಾಟವನ್ನು ಫುಲ್‌ಟೆಕ್ಸ್ಟ್ ಇಂಡೆಕ್ಸ್ ಮೂಲಕ 0.2 ಸೆಕೆಂಡಿಗೆ ಇಳಿಸಿದೆ. ಮೂರು ಅಕ್ಷರಗಳಿಗಿಂತ ಚಿಕ್ಕ ಪದಗಳು ಈ ಇಂಡೆಕ್ಸ್‌ನಲ್ಲಿ ಸಿಗದ ಕಾರಣ ಅವುಗಳಿಗೆ ಹಳೆಯ ವಿಧಾನವನ್ನೇ ಉಳಿಸಿದ್ದೇನೆ. ನಿಮ್ಮ ಪ್ರಕಟಣೆಯಲ್ಲಿ ಜಾವಾ ಮತ್ತು ಎಸ್‌ಕ್ಯೂಎಲ್ ಕೇಳಿದ್ದೀರಿ. ಈ ಭಾಗವನ್ನು ಅವೆರಡರಲ್ಲೇ ಬರೆದಿದ್ದೇನೆ. ಕೋಡ್‌ನ ಲಿಂಕ್ ಕೆಳಗಿದೆ, ರೆಸ್ಯೂಮೆ ಲಗತ್ತಿಸಿದ್ದೇನೆ. ಲಿಖಿತ ಪರೀಕ್ಷೆಗೂ ಸಂದರ್ಶನಕ್ಕೂ ಯಾವ ದಿನವಾದರೂ ಹಾಜರಾಗಬಲ್ಲೆ.”

ಇದರ ಕೆಳಗೆ ಹೆಸರು, ಫೋನ್ ಸಂಖ್ಯೆ ಮತ್ತು ಲಿಂಕ್ ಬಂದರೆ ಇಮೇಲ್ ಮುಗಿಯಿತು. ಇಲ್ಲಿ “ತಂಡ” ಮತ್ತು “ನನ್ನ ಹೊಣೆ” ಎಂಬ ಪದಗಳು ಬೇರೆಬೇರೆಯಾಗಿ ನಿಂತಿರುವುದನ್ನು ಗಮನಿಸಬೇಕು. ಎಲ್ಲವನ್ನೂ “ನಾವು” ಎಂದು ಬರೆದರೆ ನಿಮ್ಮ ಪಾಲು ಕಾಣುವುದಿಲ್ಲ. ಎಲ್ಲವನ್ನೂ “ನಾನು” ಎಂದು ಬರೆದರೆ ಗೆಳತಿ ಬರೆದ ರಿಯಾಕ್ಟ್ ಪುಟದ ಬಗ್ಗೆ ಸಂದರ್ಶಕರು ಕೇಳುವ ಎರಡನೆಯ ಪ್ರಶ್ನೆಗೇ ಮಾತು ನಿಲ್ಲುತ್ತದೆ. ಅಂಕಿಗಳಿಗೂ ಇದೇ ಎಚ್ಚರ ಬೇಕು. ಅಳತೆ ಮಾಡದ ಸಂಖ್ಯೆಯನ್ನು ಬರೆಯಬಾರದು, ಮತ್ತು ಇಮೇಲಿನಲ್ಲಿ 0.2 ಎಂದು ಬರೆದು ರೆಸ್ಯೂಮೆಯಲ್ಲಿ “ಶೇ 80 ವೇಗ ಹೆಚ್ಚಳ” ಎಂದು ಬೇರೆ ಲೆಕ್ಕ ಕೊಡಬಾರದು.

ಇದೇ ಪ್ರಾಜೆಕ್ಟ್ ಇಟ್ಟುಕೊಂಡು ಅವಳು ಟೆಸ್ಟಿಂಗ್ ಹುದ್ದೆಗೆ ಅರ್ಜಿ ಹಾಕುವುದಾದರೆ ಪ್ಯಾರಾ ಬದಲಾಗಬೇಕು. ಆಗ ಇಂಡೆಕ್ಸ್ ಹಿಂದೆ ಸರಿದು, “C” ಹುಡುಕಾಟದ ದೋಷ ಯಾವ ಪರೀಕ್ಷೆಯಲ್ಲಿ ಬಯಲಾಯಿತು, ಅದು ಮರುಕಳಿಸದಂತೆ ಯಾವ ಪರೀಕ್ಷೆಯನ್ನು ಸೇರಿಸಿದಳು ಎಂಬುದು ಮುಂದೆ ಬರುತ್ತದೆ. ಒಂದೇ ಇಮೇಲನ್ನು ಹತ್ತು ಡ್ರೈವ್‌ಗಳಿಗೆ ಕಳಿಸುವವರಿಗೆ ಈ ಅನುಕೂಲ ಸಿಗುವುದಿಲ್ಲ.

ಕೊನೆಯ ಹಂತ ಕಳಿಸುವ ಮೊದಲಿನ ಪರಿಶೀಲನೆ. ಗಿಟ್‌ಹಬ್ ಲಿಂಕನ್ನು ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಕೋಡ್ ಖಾಸಗಿಯಾಗಿಯೇ ಉಳಿದಿದ್ದರೆ ನಿಮಗೆ ಎಂದಿನಂತೆ ತೆರೆದುಕೊಳ್ಳುವ ಪುಟ ಬೇರೆಯವರಿಗೆ 404 ತೋರಿಸುತ್ತದೆ, ಮತ್ತು ಆ ತಪ್ಪು ನಿಮಗೆ ತಿಳಿಯುವುದೇ ಇಲ್ಲ. ಸಾರ್ವಜನಿಕಗೊಳಿಸುವ ಮುನ್ನ ಕೋಡ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಉಳಿದಿದೆಯೇ ಎಂದು ನೋಡಿ. ಈಗ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಅದು ಕಾಣುತ್ತಲೇ ಇರುವುದರಿಂದ ಪಾಸ್‌ವರ್ಡನ್ನೇ ಬದಲಿಸಬೇಕು. README ಕಡತದಲ್ಲಿ ನೀವು ಬರೆದ ಭಾಗ ಯಾವ ಫೋಲ್ಡರಿನಲ್ಲಿದೆ ಎಂದು ಒಂದು ಸಾಲು ಸೇರಿಸಿ. ರೆಸ್ಯೂಮೆಯನ್ನು ನಿಮ್ಮ ಹೆಸರಿರುವ ಪಿಡಿಎಫ್ ಆಗಿ ಲಗತ್ತಿಸಿ, ಮೊದಲು ನಿಮ್ಮದೇ ವಿಳಾಸಕ್ಕೆ ಕಳಿಸಿ ಫೋನಿನಲ್ಲಿ ತೆರೆದು ನೋಡಿದ ನಂತರವೇ ಪ್ರಕಟಣೆಯಲ್ಲಿರುವ ವಿಳಾಸವನ್ನು ತುಂಬಿರಿ.