ಒಂದೇ ಉತ್ತರದ ತರ್ಕದ ಒಗಟು: ಹತ್ತು ಹಂತಗಳಲ್ಲಿ ಕಟ್ಟುವುದು ಹೇಗೆ?

ಸುಳಿವು ಓದುತ್ತ, ಚೌಕಗಳಲ್ಲಿ ರೈಟ್ ಅಥವಾ ಇಂಟು ಹಾಕುತ್ತ ಉತ್ತರ ಹುಡುಕುವ ತರ್ಕದ ಒಗಟನ್ನು ಬಿಡಿಸುವವರು ಸುಳಿವಿನಿಂದ ಶುರು ಮಾಡುತ್ತಾರೆ. ಕಟ್ಟುವವರು ಉತ್ತರದಿಂದ ಶುರು ಮಾಡಬೇಕು. ಸುಲಭದಿಂದ ಕಷ್ಟಕ್ಕೆ ಏರುವ ಹತ್ತು ಹಂತಗಳ ಒಗಟುಗಳನ್ನು ಹೀಗೆ ಕಟ್ಟುವ ಬಗೆ ಇಲ್ಲಿದೆ. ಮೊದಲು ಸುಳಿವು ಬರೆದು, ಉತ್ತರ ತಾನಾಗಿ ಬರಲಿ ಎಂದು ಕಾದರೆ ಒಂದೋ ಉತ್ತರವೇ ಇರುವುದಿಲ್ಲ, ಇಲ್ಲವೇ ಎರಡು ಮೂರು ಇರುತ್ತವೆ.

ಕಲಬುರಗಿಯ ಕಾಳಿನ ಮಾರುಕಟ್ಟೆಯಾದ ಗಂಜ್‌ಗೆ ನಾಲ್ವರು ರೈತರು ಕಾಳು ತಂದಿದ್ದಾರೆ ಎಂದುಕೊಳ್ಳಿ. ಶರಣಪ್ಪ, ಮಲ್ಲಮ್ಮ, ಬಸಣ್ಣ, ನಾಗಮ್ಮ ಮೊದಲ ಗುಂಪು. ತೊಗರಿ, ಜೋಳ, ಕಡಲೆ, ಉದ್ದು ಎರಡನೆಯದು. 10, 20, 30, 40 ಚೀಲ ಮೂರನೆಯದು. ಒಬ್ಬೊಬ್ಬರದು ಬೇರೆ ಬೇರೆ ಕಾಳು, ಬೇರೆ ಬೇರೆ ಚೀಲದ ಲೆಕ್ಕ. ನೀವು ಗುಟ್ಟಾಗಿ ಬರೆದಿಟ್ಟ ಉತ್ತರ ಹೀಗಿರಲಿ: ಬಸಣ್ಣ ತೊಗರಿ 10, ಶರಣಪ್ಪ ಜೋಳ 20, ನಾಗಮ್ಮ ಕಡಲೆ 30, ಮಲ್ಲಮ್ಮ ಉದ್ದು 40. ತೊಗರಿಗೆ ಬೇಕೆಂದೇ ಅತಿ ಕಡಿಮೆ ಚೀಲ ಕೊಟ್ಟಿದೆ. ನಮ್ಮ ಕಡೆ ತೊಗರಿಯೇ ಹೆಚ್ಚು ಬೆಳೆಯುವುದರಿಂದ ಓದುಗರು ಅದಕ್ಕೇ 40 ಎಂದು ಊಹಿಸುವ ಸಾಧ್ಯತೆ ಇದೆ. ಊಹೆಯಿಂದ ಸಿಕ್ಕ ಉತ್ತರ ಸರಿಯಾಗಿಬಿಟ್ಟರೆ ಸುಳಿವುಗಳಿಗೆ ಕೆಲಸವೇ ಉಳಿಯುವುದಿಲ್ಲ.

ರೈತರನ್ನು ಕಾಳಿನ ಜೊತೆ 24 ಬಗೆಯಲ್ಲಿ, ಚೀಲದ ಜೊತೆ 24 ಬಗೆಯಲ್ಲಿ ಜೋಡಿಸಬಹುದು. ಹಾಗಾಗಿ ಒಟ್ಟು ಸಾಧ್ಯತೆಗಳು 24 ಗುಣಿಸು 24, ಅಂದರೆ 576. ಇದರಲ್ಲಿ 575 ಅನ್ನು ಹೊರಗೆ ಹಾಕುವುದೇ ಸುಳಿವುಗಳ ಕೆಲಸ. ಒಂದೊಂದು ಸುಳಿವು ಎಷ್ಟನ್ನು ಹೊರಹಾಕಿತು ಎಂದು ಎಣಿಸುತ್ತ ಹೋದರೆ ದಾರಿ ತಪ್ಪುವುದಿಲ್ಲ.

ಮೊದಲ ಸುಳಿವು: ಶರಣಪ್ಪ 20 ಚೀಲ ತಂದರು. 576ರಲ್ಲಿ 144 ಉಳಿಯಿತು. ಎರಡನೆಯದು: ನಾಗಮ್ಮ ಕಡಲೆ ತಂದರು. ಈಗ 36. ಮೂರನೆಯದು: ಬಸಣ್ಣ ಉದ್ದನ್ನೂ ತಂದಿಲ್ಲ, ಜೋಳವನ್ನೂ ತಂದಿಲ್ಲ. ಕಡಲೆ ನಾಗಮ್ಮನದಾದ್ದರಿಂದ ಬಸಣ್ಣನಿಗೆ ತೊಗರಿಯೇ ಗತಿ, ಉಳಿದದ್ದು 12. ನಾಲ್ಕನೆಯದು: ಉದ್ದಿನ ಚೀಲ ಕಡಲೆಯ ಚೀಲಕ್ಕಿಂತ 10 ಹೆಚ್ಚು. ಈಗ ಮೂರೇ ಮೂರು ಉಳಿದವು.

ಎಡವುವುದು ಇಲ್ಲಿಯೇ. ಮೂರು ಉಳಿದಿವೆ, ಇನ್ನೊಂದು ಸುಳಿವು ಸಾಕು ಎಂದು ಉತ್ತರದಲ್ಲಿರುವ ಯಾವುದೋ ಒಂದು ನಿಜವನ್ನು ಎತ್ತಿ ಬರೆಯುತ್ತೇವೆ: ‘ತೊಗರಿಯ ಚೀಲ ಜೋಳದ ಚೀಲಕ್ಕಿಂತ ಕಡಿಮೆ.’ ಮಾತು ನಿಜ, ಆದರೆ ಒಗಟು ಕೆಟ್ಟಿತು. ಶರಣಪ್ಪ ಉದ್ದು 20, ನಾಗಮ್ಮ ಕಡಲೆ 10, ಬಸಣ್ಣ ತೊಗರಿ 30, ಮಲ್ಲಮ್ಮ ಜೋಳ 40 ಎಂದು ಹಾಕಿ ನೋಡಿ. ಐದೂ ಸುಳಿವುಗಳಿಗೆ ಇದೂ ಹೊಂದುತ್ತದೆ. ಬಿಡಿಸಿದವರು ಈ ಉತ್ತರ ಕಳಿಸಿದರೆ ಅವರದ್ದು ತಪ್ಪು ಎನ್ನಲು ಬಾರದು.

ಆದ್ದರಿಂದ ಕೊನೆಯ ಸುಳಿವು ಬರೆಯುವ ಮೊದಲು, ಉಳಿದ ಬೇಡದ ಉತ್ತರಗಳನ್ನು ಪೂರ್ತಿಯಾಗಿ ಬರೆದುಕೊಂಡು ಎದುರಿಗಿಟ್ಟುಕೊಳ್ಳಿ. ಇಲ್ಲಿ ಅಂಥವು ಎರಡು. ಎರಡರಲ್ಲೂ ಉದ್ದು 20, ಜೋಳ 30 ಅಥವಾ 40. ನಮ್ಮ ಉತ್ತರದಲ್ಲಿ ಮಾತ್ರ ಜೋಳ ಉದ್ದಿಗಿಂತ ಕಡಿಮೆ. ಹಾಗಾದರೆ ಬೇಕಾದ ಸುಳಿವು ಇದು: ‘ಜೋಳದ ಚೀಲ ಉದ್ದಿನ ಚೀಲಕ್ಕಿಂತ ಕಡಿಮೆ.’ ಎರಡೂ ಒಟ್ಟಿಗೆ ಹೊರಬಿದ್ದು ಒಂದೇ ಉಳಿಯಿತು.

ಎಣಿಸದೆಯೂ ಹಿಡಿಯಬಹುದಾದ ತಪ್ಪೊಂದಿದೆ. ಚೀಲದಂಥ ಸಂಖ್ಯೆಗಳ ಗುಂಪನ್ನು ಬಿಟ್ಟು, ಒಂದೇ ಗುಂಪಿನ ಎರಡು ಹೆಸರುಗಳು ಯಾವ ಸುಳಿವಿನಲ್ಲೂ ಬಾರದಿದ್ದರೆ ಅವೆರಡನ್ನು ಅದಲು ಬದಲು ಮಾಡಿದರೂ ಸುಳಿವುಗಳಿಗೆ ಧಕ್ಕೆಯಾಗದು, ಎರಡು ಉತ್ತರ ಖಚಿತ. ಒಂದು ಹೆಸರು ಬಾರದಿದ್ದರೆ ಅಡ್ಡಿಯಿಲ್ಲ. ನಮ್ಮ ಒಗಟಿನಲ್ಲಿ ಮಲ್ಲಮ್ಮನ ಹೆಸರೂ ಇಲ್ಲ, ತೊಗರಿಯ ಹೆಸರೂ ಇಲ್ಲ. ಅವು ಬೇರೆ ಬೇರೆ ಗುಂಪಿನವು, ಹಾಗಾಗಿ ಸರಿ.

ಆಮೇಲೆ ಒಂದೊಂದೇ ಸುಳಿವನ್ನು ಬೆರಳಿನಿಂದ ಮುಚ್ಚಿ ಉಳಿದವುಗಳಿಂದ ಬಿಡಿಸಲು ಹೋಗಿ. ಮುಚ್ಚಿದರೂ ಉತ್ತರ ಒಂದೇ ಬಂದರೆ ಆ ಸುಳಿವು ಹೆಚ್ಚುವರಿ. ಮೇಲಿನ ಐದರಲ್ಲಿ ಯಾವುದನ್ನು ಮುಚ್ಚಿದರೂ ಉತ್ತರ ಒಂದಕ್ಕಿಂತ ಹೆಚ್ಚಾಗುತ್ತದೆ, ಅಂದರೆ ಐದೂ ಬೇಕು. ಆರಂಭದ ಹಂತಗಳಲ್ಲಿ ಒಂದು ಹೆಚ್ಚುವರಿ ಸುಳಿವನ್ನು ಹಾಗೆಯೇ ಬಿಡುವುದು ಒಳ್ಳೆಯದು. ಒಂದು ದಾರಿ ಕಾಣದವರಿಗೆ ಇನ್ನೊಂದು ದಾರಿ ಸಿಗುತ್ತದೆ.

ಸುಳಿವಿನ ಕನ್ನಡದಲ್ಲೂ ಎಚ್ಚರ ಬೇಕು. ‘ಜೋಳ ತಂದವನು’ ಎಂದು ಬರೆದರೆ ಮಲ್ಲಮ್ಮ, ನಾಗಮ್ಮ ಇಬ್ಬರೂ ಅಲ್ಲಿಗೇ ಹೊರಬಿದ್ದರು. ನೀವು ಲೆಕ್ಕಕ್ಕೆ ಹಿಡಿಯದ ಸುಳಿವೊಂದು ಪದದ ತುದಿಯಲ್ಲಿ ಸೋರಿಹೋಯಿತು. ಎಲ್ಲ ಕಡೆ ‘ತಂದವರು’ ಎಂದೇ ಇರಲಿ. ಹಾಗೆಯೇ ‘ಬಸಣ್ಣ ಮತ್ತು ಕಡಲೆ ತಂದವರು’ ಎಂದಾಗ ಅವರು ಬೇರೆ ಬೇರೆಯವರು ಎಂಬ ನಿಯಮವನ್ನು ಒಗಟಿನ ಮೇಲೆಯೇ ಹೇಳಿಬಿಡಿ.

ಇನ್ನು ಹತ್ತು ಹಂತಗಳ ಏರಿಕೆ. ಸುಳಿವು ಕಡಿಮೆ ಮಾಡಿದರೆ ಒಗಟು ಕಷ್ಟವಾಗುತ್ತದೆ ಎಂಬ ನಂಬಿಕೆ ಅಷ್ಟು ಸರಿಯಲ್ಲ. ಒಂದು ಗುರುತು ಹಾಕಲು ಏಕಕಾಲಕ್ಕೆ ಎಷ್ಟು ಸುಳಿವುಗಳನ್ನು ತಲೆಯಲ್ಲಿ ಹಿಡಿಯಬೇಕು ಎಂಬುದೇ ನಿಜವಾದ ಅಳತೆ. ಗಂಜ್‌ನ ಒಗಟಿನಲ್ಲಿ ಗಟ್ಟಿ ಜಾಗ ಒಂದೇ: ಉದ್ದು 20 ಆದರೆ ಕಡಲೆ 10 ಆಗಬೇಕು, ಜೋಳವೂ 20ಕ್ಕಿಂತ ಕಡಿಮೆ ಇರಬೇಕಾದ್ದರಿಂದ ಅದೂ 10 ಆಗಬೇಕು, ಅದು ಆಗದ ಮಾತು. ಅಲ್ಲಿ ಎರಡು ಸುಳಿವು ಕೂಡಿಸಿದವರಿಗೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇದು ಐದನೇ ಹಂತಕ್ಕೆ ತಕ್ಕ ಒಗಟು.

ಏರಿಕೆ ಹಗುರಾಗಿರಬೇಕಾದರೆ ಒಂದು ಹಂತದಲ್ಲಿ ಒಂದೇ ಹೊಸದು ಬರಬೇಕು. ಚೌಕಗಳ ಕೋಷ್ಟಕ ದೊಡ್ಡದಾದ ಹಂತದಲ್ಲಿ ಸುಳಿವು ಸುಲಭವಾಗಲಿ. ಮೊದಲೆರಡು ಹಂತಕ್ಕೆ ಮೂರು ಗುಂಪು, ಗುಂಪಿಗೆ ಮೂರು ಹೆಸರು ಸಾಕು, ಸಾಧ್ಯತೆ 36 ಮಾತ್ರ. ಒಂದನೆಯದರಲ್ಲಿ ನೇರ ಸುಳಿವುಗಳು, ಎರಡನೆಯದರಲ್ಲಿ ‘ಅಲ್ಲ’ ಎನ್ನುವಂಥವು. ಮೂರನೇ ಹಂತದಲ್ಲಿ ಹೆಸರು ನಾಲ್ಕಾಗುತ್ತವೆ, ಆದ್ದರಿಂದ ಮತ್ತೆ ನೇರ ಸುಳಿವುಗಳಿಗೇ ಮರಳಿ. ನಾಲ್ಕರಲ್ಲಿ ಹೆಚ್ಚು–ಕಡಿಮೆಯ ಸುಳಿವು ಬರುತ್ತದೆ. ಐದರಲ್ಲಿ ಎರಡನ್ನು ಕೂಡಿಸುವ ಒಂದು ಜಾಗ, ಆರರಲ್ಲಿ ‘ಜೋಳ ತಂದವರು ಬಸಣ್ಣ, ಇಲ್ಲವೇ 30 ಚೀಲದವರು’ ಎಂಬ ಬಗೆಯ ಸುಳಿವು. ಏಳರಲ್ಲಿ ಆಳಂದ, ಸೇಡಂ, ಜೇವರ್ಗಿ, ಚಿಂಚೋಳಿ ಎಂದು ನಾಲ್ಕನೇ ಗುಂಪು ಸೇರಿಸಿ. ಸಾಧ್ಯತೆ ಒಮ್ಮೆಲೇ 13,824ಕ್ಕೆ ಜಿಗಿಯುತ್ತದೆ, ಹಾಗಾಗಿ ಸುಳಿವು ಮೂರನೇ ಹಂತದಷ್ಟೇ ಸರಳವಾಗಿರಲಿ. ಎಂಟರಲ್ಲಿ ಅದೇ ಕೋಷ್ಟಕಕ್ಕೆ ಕೂಡಿಸುವ ಜಾಗಗಳು ಮರಳುತ್ತವೆ. ಒಂಬತ್ತರಲ್ಲಿ ಗುಂಪಿಗೆ ಐದು ಹೆಸರು, ಸಾಧ್ಯತೆ 17,28,000. ಹತ್ತರಲ್ಲಿ ಕೋಷ್ಟಕ ಅದೇ, ಆದರೆ ಒಂದೂ ನೇರ ಸುಳಿವಿಲ್ಲ. ಸಾಕಷ್ಟು ಇಂಟುಗಳು ಬಿದ್ದ ಮೇಲೆಯೇ ಮೊದಲ ರೈಟ್ ಬೀಳಬೇಕು.

ಕೊನೆಯ ಹಂತಗಳಲ್ಲಿ ಸಾಧ್ಯತೆಗಳನ್ನು ಕೈಯಲ್ಲಿ ಎಣಿಸಲಾಗದು. ಉತ್ತರ ಮರೆತವರಂತೆ ಕೂತು, ಸುಳಿವು ಹೇಳಿದ ಗುರುತನ್ನಷ್ಟೇ ಹಾಕುತ್ತ ಬಿಡಿಸಿ. ಎಲ್ಲೂ ಊಹಿಸದೆ ಕೊನೆ ಮುಟ್ಟಿದರೆ ಉತ್ತರ ಒಂದೇ ಎಂಬುದು ಅಲ್ಲಿಗೇ ಸಾಬೀತಾಯಿತು. ನಡುವೆ ನಿಂತರೆ ಖಾಲಿ ಚೌಕವೊಂದನ್ನು ಹಿಡಿದು, ಒಮ್ಮೆ ರೈಟ್ ಎಂದು, ಒಮ್ಮೆ ಇಂಟು ಎಂದು ಮುಂದುವರಿಸಿ. ಎರಡೂ ದಾರಿ ಜಗಳವಿಲ್ಲದೆ ಮುಗಿದರೆ ಎರಡು ಉತ್ತರ ಇವೆ. ಒಂದು ದಾರಿ ಕೆಟ್ಟರೆ ಆ ಚೌಕ ನಿರ್ಧಾರವಾಯಿತು, ಅಲ್ಲಿಂದ ಮುಂದೆ ಸಾಗಿ. ಆದರೆ ಹಾಗೆ ಕೆಡಲು ಹತ್ತಾರು ಗುರುತು ಹಿಡಿದರೆ ಒಗಟು ಬಿಡಿಸುವವರಿಗೆ ಭಾರವಾಗಿದೆ ಎಂದರ್ಥ, ಅಲ್ಲಿಗೊಂದು ‘ಅಲ್ಲ’ ಸುಳಿವು ಸೇರಿಸಿ.

ಹತ್ತೂ ಸಿದ್ಧವಾದ ಮೇಲೆ, ಉತ್ತರ ತಿಳಿಯದ ಒಬ್ಬರ ಕೈಗೆ ಕೊಟ್ಟು, ಪ್ರತಿ ರೈಟ್‌ನ ಪಕ್ಕ ಅದು ಬಿದ್ದ ಕ್ರಮಸಂಖ್ಯೆಯನ್ನು, ಯಾವ ಸುಳಿವಿನಿಂದ ಬಿತ್ತು ಎಂಬುದನ್ನು ಬರೆಯಲು ಹೇಳಿ. ಆರನೇ ಹಂತದಲ್ಲಿ ಎಲ್ಲವೂ ಒಂದೊಂದೇ ಸುಳಿವಿನಿಂದ ಬಿದ್ದಿದ್ದರೆ, ಐದರಲ್ಲಿ ಎರಡೆರಡು ಬೇಕಾಗಿದ್ದರೆ, ಅವೆರಡರ ಜಾಗ ಬದಲಿಸಿ.